ಡಬ್ಬಿಯ ಮೇಲೆ ನೂರು, ಬಚ್ಚಲಲ್ಲಿ ಮೂವತ್ತೈದು

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಬೇಕು ಅಂದರೆ ಅವರು ಕೇಳುವುದು ಒಂದೇ ಪ್ರಶ್ನೆ: ನಾಲ್ಕು ಇಂಚಿನದೋ, ಆರು ಇಂಚಿನದೋ? ನಾವು ಗೋಡೆಯಲ್ಲಿರುವ ತೂತಿನ ಅಳತೆ ಹೇಳುತ್ತೇವೆ, ಡಬ್ಬಿ ಹಿಡಿದು ಮನೆಗೆ ಬರುತ್ತೇವೆ. ಕಿಟಕಿ ಇರುವ ಬಚ್ಚಲಿಗೆ ಬಹುಮಟ್ಟಿಗೆ ಇಷ್ಟೇ ಸಾಕು. ಅಲ್ಲಿ ಫ್ಯಾನು ಕಿಟಕಿಯ ಗಾಜಿನ ಜಾಗದಲ್ಲಿ ಕೂತು ನೇರವಾಗಿ ಹೊರಗೆ ಊದುತ್ತದೆ.

ಆದರೆ ಮುಂಬಯಿ, ಪುಣೆ, ಹೈದರಾಬಾದಿನ ಈಗಿನ ಫ್ಲ್ಯಾಟುಗಳಲ್ಲಿ ಬೆಡ್‌ರೂಮಿಗೆ ಅಂಟಿದ ಬಚ್ಚಲು ಎಷ್ಟೋ ಸಲ ಮನೆಯ ಹೊಟ್ಟೆಯೊಳಗೆ ಇರುತ್ತದೆ. ಅದಕ್ಕೆ ಕಿಟಕಿ ಇಲ್ಲ. ಫಾಲ್ಸ್ ಸೀಲಿಂಗಿನಲ್ಲಿ ಒಂದು ಫ್ಯಾನು, ಅದರ ಹಿಂದೆ ಒಂದು ಪೈಪು, ಆ ಪೈಪು ಎಲ್ಲೋ ಸುತ್ತಿ ಬಳಸಿ ಕಟ್ಟಡದ ಶಾಫ್ಟಿಗೆ ಹೋಗಿ ಸೇರುತ್ತದೆ. ಇಂಥ ಕಡೆ ಫ್ಯಾನಿನ ಅಳತೆಯೊಂದನ್ನೇ ನೋಡಿ ಕೊಂಡರೆ, ಮಳೆಗಾಲ ಮುಗಿಯುವಷ್ಟರಲ್ಲಿ ಸೀಲಿಂಗಿನ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಯಾಕೆ ಹೀಗಾಗುತ್ತದೆ ಎನ್ನುವುದನ್ನು ಠಾಣೆಯಲ್ಲಿರುವ ನನ್ನ ಗೆಳೆಯನೊಬ್ಬನ ಮನೆಯ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ. ನಾವಿಬ್ಬರೂ ಕೂತು ಅಳೆದು ನೋಡಿದ್ದರಿಂದ ಅಂಕಿಗಳು ಕೈಯಲ್ಲಿವೆ.

ಸೋರಿಕೆಯೋ, ಆವಿಯೋ?

ಅವನ ಮನೆಯಲ್ಲಿ ವಿಷಯ ಶುರುವಾದದ್ದು ಫ್ಯಾನಿನಿಂದಲ್ಲ, ಜಗಳದಿಂದ. ಬಚ್ಚಲಿನ ಸೀಲಿಂಗು ಕಪ್ಪಾಗುತ್ತಿದೆ, ಮೇಲಿನ ಮನೆಯವರ ಬಾತ್‌ರೂಮ್ ಸೋರುತ್ತಿದೆ ಎಂದು ಸೊಸೈಟಿಗೆ ಅರ್ಜಿ ಹೋಗಿತ್ತು. ಮೇಲಿನವರು ತಮ್ಮ ಟೈಲ್ಸ್ ಒಡೆಯಲು ಒಪ್ಪುತ್ತಿರಲಿಲ್ಲ. ಜೊತೆಗೆ ಇರುವ ಅವನ ತಾಯಿಗೆ ಉಬ್ಬಸ. ಬೂಷ್ಟಿನ ವಾಸನೆ ಬಂದರೆ ಅವರಿಗೆ ರಾತ್ರಿಯಿಡೀ ಕೆಮ್ಮು. "ಅವರ ಮನೆ ನೀರು ನಮ್ಮ ಮನೆ ಎದೆಗೆ ಬಂದು ಕೂತಿದೆ ನೋಡಪ್ಪ" ಎಂದು ಅವರು ನನ್ನ ಹತ್ತಿರವೂ ಹೇಳಿದ್ದರು.

ಸೋರಿಕೆಯ ಕಲೆಗೂ ಆವಿಯ ಕಲೆಗೂ ವ್ಯತ್ಯಾಸವಿದೆ. ಸೋರಿಕೆ ಸಾಮಾನ್ಯವಾಗಿ ಒಂದು ಜಾಗದಲ್ಲಿ ಶುರುವಾಗಿ ಹರಡುತ್ತದೆ, ಅಂಚಿನಲ್ಲಿ ಕಂದು ಗೆರೆ ಇರುತ್ತದೆ, ಮೇಲಿನವರು ಹೆಚ್ಚು ನೀರು ಬಳಸಿದ ದಿನ ಒದ್ದೆಯಾಗುತ್ತದೆ. ಆವಿಯಿಂದ ಬರುವ ಬೂಷ್ಟು ಗಾಳಿ ಆಡದ ಮೂಲೆಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಾಗಿ ಹಲವು ಕಡೆ ಒಟ್ಟಿಗೇ ಏಳುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಹಳೆಯ ಉಪಾಯವಿದೆ. ಸೀಲಿಂಗನ್ನು ಒರೆಸಿ ಒಣಗಿಸಿ, ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಬೇಕು. ಒಂದೆರಡು ದಿನ ಬಿಟ್ಟು ನೋಡಿದಾಗ ಹಾಳೆಯ ಒಳಬದಿಯಲ್ಲಿ ಹನಿಗಳಿದ್ದರೆ ತೇವ ಮೇಲಿನಿಂದ ಬರುತ್ತಿದೆ. ಹೊರಬದಿಯಲ್ಲಿ ಮಾತ್ರ ಹನಿಗಳಿದ್ದರೆ ಅದು ನಮ್ಮದೇ ಬಚ್ಚಲಿನ ಆವಿ. ಫಾಲ್ಸ್ ಸೀಲಿಂಗ್ ಇದ್ದರೆ ತಪಾಸಣೆಯ ಮುಚ್ಚಳ ತೆಗೆದು, ಮೇಲಿನ ಕಾಂಕ್ರೀಟಿಗೂ ಹೀಗೇ ಒಂದು ಹಾಳೆ ಅಂಟಿಸಿ ನೋಡಬೇಕು. ಗೆಳೆಯನ ಮನೆಯಲ್ಲಿ ಎರಡೂ ಕಡೆ ಒಳಬದಿ ಒಣಗಿತ್ತು. ಅರ್ಜಿ ವಾಪಸು ಬಂತು, ಪ್ರಶ್ನೆ ಫ್ಯಾನಿನ ಕಡೆ ತಿರುಗಿತು.

ಎಷ್ಟು ಗಾಳಿ ಬೇಕು?

ಬಚ್ಚಲು ಐದು ಅಡಿ ಅಗಲ, ಎಂಟು ಅಡಿ ಉದ್ದ, ಎಂಟು ಅಡಿ ಎತ್ತರ. ಅಂದರೆ 320 ಘನ ಅಡಿ, ಸುಮಾರು 9 ಘನ ಮೀಟರ್. ಗಂಟೆಗೆ ಎಂಟು ಸಲ ಒಳಗಿನ ಗಾಳಿ ಪೂರ್ತಿ ಬದಲಾಗಬೇಕು ಎನ್ನುವುದು ಬಚ್ಚಲಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಆ ಪ್ರಕಾರ ಗಂಟೆಗೆ 72 ಘನ ಮೀಟರ್ ಆಯಿತು. ಬೇಕಾದಾಗ ಮಾತ್ರ ಹಾಕುವ ಬಚ್ಚಲು ಫ್ಯಾನು ಕನಿಷ್ಠ 50 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 50 ಘನ ಅಡಿ ಗಾಳಿ ಎಳೆಯಬೇಕು ಎನ್ನುವುದು ಅಮೆರಿಕದ ಮಾನದಂಡ. ಒಂದು ಸಿಎಫ್‌ಎಂ ಎಂದರೆ ಗಂಟೆಗೆ 1.7 ಘನ ಮೀಟರ್, ಆದ್ದರಿಂದ ಅದು 85 ಆಗುತ್ತದೆ. ಎರಡೂ ಲೆಕ್ಕ ಹತ್ತಿರ ಹತ್ತಿರವೇ ಇವೆ. ನಾವು ದೊಡ್ಡದಾದ 85ನ್ನೇ ಗುರಿ ಇಟ್ಟುಕೊಂಡೆವು.

ಅವನ ಮನೆಯಲ್ಲಿದ್ದುದು ನಾಲ್ಕು ಇಂಚಿನ ಫ್ಯಾನು, ಡಬ್ಬಿಯ ಮೇಲೆ ಗಂಟೆಗೆ 100 ಘನ ಮೀಟರ್ ಎಂದು ಬರೆದಿತ್ತು. 85 ಬೇಕು, 100 ಇದೆ. ಹಾಗಾದರೆ ಬೂಷ್ಟು ಯಾಕೆ?

ಆ ನೂರು, ಫ್ಯಾನಿನ ಮುಂದೆಯೂ ಹಿಂದೆಯೂ ಏನೂ ಅಡ್ಡಿ ಇಲ್ಲದಾಗ ಸಿಗುವ ಗಾಳಿ. ಇಂಟರ್ನೆಟ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವ "ಇಷ್ಟರವರೆಗೆ" ವೇಗದ ಹಾಗೆ. ಪೈಪು, ಅದರ ತಿರುವುಗಳು, ಹೊರಗಿನ ಮುಚ್ಚಳ ಎಲ್ಲವೂ ಗಾಳಿಗೆ ತಡೆ ಒಡ್ಡುತ್ತವೆ. ಆ ತಡೆಯನ್ನು ಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರ್ ಎತ್ತರದ ನೀರು ಒತ್ತುವ ಒತ್ತಡ ಸುಮಾರು 10 ಪಾಸ್ಕಲ್. ಸೀಲಿಂಗಿಗೆ ಹಾಕುವ ಸಾಮಾನ್ಯ ನಾಲ್ಕು ಇಂಚಿನ ಫ್ಯಾನಿಗೆ, ಅಂದರೆ ರೆಕ್ಕೆಗಳು ನೇರ ಹಿಂದಕ್ಕೆ ಊದುವಂಥದ್ದಕ್ಕೆ, ಸುಮಾರು 30 ಪಾಸ್ಕಲ್ ಎದುರಾದರೆ ಸಾಕು, ಗಾಳಿ ಬಹುತೇಕ ನಿಂತೇ ಹೋಗುತ್ತದೆ. ಸದ್ದು ಮಾತ್ರ ಬರುತ್ತಲೇ ಇರುತ್ತದೆ.

ಪೈಪಿನ ಲೆಕ್ಕ

ಸೀಲಿಂಗಿನ ಮುಚ್ಚಳ ತೆಗೆದು ನೋಡಿದರೆ, ನಾಲ್ಕು ಇಂಚಿನ ಮಡಿಕೆ ಮಡಿಕೆಯ ಅಲ್ಯೂಮಿನಿಯಂ ಪೈಪು ಹದಿನಾಲ್ಕು ಅಡಿ ಉದ್ದ ಜೋತುಬಿದ್ದಿತ್ತು. ನಡುವೆ ಎರಡು ತಿರುವು, ಶಾಫ್ಟಿನ ಗೋಡೆಯಲ್ಲಿ ರೆಪ್ಪೆಯಂತೆ ಮುಚ್ಚಿಕೊಳ್ಳುವ ಪಟ್ಟಿಗಳ ಮುಚ್ಚಳ.

ಈ ಪೈಪಿನಲ್ಲಿ ಗಂಟೆಗೆ 85 ಘನ ಮೀಟರ್ ಹರಿಯಬೇಕಾದರೆ ಗಾಳಿ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಓಡಬೇಕು. ಒಳಗೆ ನುಣುಪಾದ ಪೈಪಾದರೆ ಮೀಟರಿಗೆ ಸುಮಾರು ಒಂದೂವರೆ ಪಾಸ್ಕಲ್ ತಡೆ. ಮಡಿಕೆ ಪೈಪನ್ನು ಸರಿಯಾಗಿ ಎಳೆಯದೆ ಬಿಟ್ಟರೆ ಅದು ನಾಲ್ಕರ ಹತ್ತಿರ ಹೋಗುತ್ತದೆ. ನಾಲ್ಕೂಕಾಲು ಮೀಟರಿಗೆ 17 ಪಾಸ್ಕಲ್ ಆಯಿತು. ಎರಡು ತಿರುವಿಗೆ ಒಂದು 10, ಹೊರಗಿನ ಮುಚ್ಚಳಕ್ಕೆ ಒಂದು 12. ಒಟ್ಟು 39. ಮೂವತ್ತಕ್ಕೇ ಸೋಲುವ ಫ್ಯಾನಿನ ಮುಂದೆ 39 ಪಾಸ್ಕಲ್ ಇಟ್ಟು 85 ಘನ ಮೀಟರ್ ಕೇಳುತ್ತಿದ್ದೆವು.

ಇಲ್ಲಿ ಉದ್ದಕ್ಕಿಂತ ಅಗಲ ಮುಖ್ಯ. ಪೈಪಿನ ಉದ್ದ ಅರ್ಧ ಮಾಡಿದರೆ ಉಜ್ಜಾಟದ ತಡೆಯೂ ಅರ್ಧವಾಗುತ್ತದೆ. ಆದರೆ ನಾಲ್ಕು ಇಂಚಿನ ಪೈಪನ್ನು ಆರು ಇಂಚಿಗೆ ಏರಿಸಿದರೆ, ಅಷ್ಟೇ ಗಾಳಿಗೆ, ಅದೇ ತಡೆ ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಆರು ಇಂಚಿನ ಫ್ಯಾನು ತಂದು, ರೆಡ್ಯೂಸರ್ ಹಾಕಿ, ಹಳೆಯ ನಾಲ್ಕು ಇಂಚಿನ ಪೈಪಿಗೇ ಜೋಡಿಸುವುದರಿಂದ ಹೆಚ್ಚು ಲಾಭವಿಲ್ಲ. ಪ್ಲಂಬರುಗಳು ಹೆಚ್ಚಾಗಿ ಮಾಡುವುದು ಇದನ್ನೇ.

ಬಾಗಿಲಿನ ಕೆಳಗೆ

ಪೈಪಿನ ಲೆಕ್ಕವನ್ನಾದರೂ ಕೆಲವರು ಹಾಕುತ್ತಾರೆ. ಬಾಗಿಲಿನ ಲೆಕ್ಕ ಹಾಕುವವರು ಕಡಿಮೆ. ಹೊರಗೆ ಹೋಗುವಷ್ಟೇ ಗಾಳಿ ಒಳಗೆ ಬರಬೇಕು. ಕಿಟಕಿ ಇಲ್ಲದ ಬಚ್ಚಲಿಗೆ ಅದು ಬರುವ ದಾರಿ ಬಾಗಿಲಿನ ಸಂದು ಮಾತ್ರ. ನಮ್ಮ ಫ್ಲ್ಯಾಟುಗಳಲ್ಲಿ ಬಚ್ಚಲ ನೀರು ಹೊರಗೆ ಬಾರದಂತೆ ಗ್ರಾನೈಟ್ ಹೊಸ್ತಿಲು ಹಾಕಿ, ಬಾಗಿಲು ಅದರ ಮೇಲೆ ಬಿಗಿಯಾಗಿ ಕೂರುವ ಹಾಗೆ ಮಾಡಿರುತ್ತಾರೆ. ಗೆಳೆಯನ ಮನೆಯಲ್ಲಿ 70 ಸೆಂಟಿಮೀಟರ್ ಅಗಲದ ಬಾಗಿಲಿನ ಕೆಳಗೆ ಐದು ಮಿಲಿಮೀಟರ್ ಸಂದು. ಅದರ ಮೂಲಕ 85 ಘನ ಮೀಟರ್ ಎಳೆಯಲು 70ಕ್ಕಿಂತ ಹೆಚ್ಚು ಪಾಸ್ಕಲ್ ಬೇಕು. ಅಂದರೆ ಇಡೀ ಪೈಪಿಗಿಂತ ದೊಡ್ಡ ಅಡ್ಡಿ ಈ ಬಾಗಿಲು. ಅದೇ ಸಂದು 20 ಮಿಲಿಮೀಟರ್ ಆದರೆ ಐದು ಪಾಸ್ಕಲ್ ಸಾಕು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಟಿಶ್ಯೂ ಕಾಗದ ಜಾಲರಿಗೆ ಅಂಟಿ ನಿಂತರೆ ಫ್ಯಾನು ಚೆನ್ನಾಗಿದೆ ಎನ್ನುತ್ತಾರೆ, ಆದರೆ ಕಾಗದ ಎಷ್ಟು ಕಡಿಮೆ ಗಾಳಿಗೂ ಅಂಟುತ್ತದೆ. ಅದಕ್ಕಿಂತ ಕಸದ ಚೀಲ ಒಳ್ಳೆಯದು. 26 ಇಂಚು ಅಗಲ, 36 ಇಂಚು ಉದ್ದದ ದೊಡ್ಡ ಕಪ್ಪು ಚೀಲ ಪೂರ್ತಿ ಉಬ್ಬಿದಾಗ ಸುಮಾರು 75 ಲೀಟರ್ ಗಾಳಿ ಹಿಡಿಯುತ್ತದೆ. ಅದರ ಬಾಯಿಗೆ ತಂತಿಯ ಬಳೆ ಕಟ್ಟಿ, ಬೀಸಿ ಗಾಳಿ ತುಂಬಿ, ಓಡುತ್ತಿರುವ ಫ್ಯಾನಿನ ಜಾಲರಿಗೆ ಬಾಯಿ ಒತ್ತಿ ಹಿಡಿದು, ಚೀಲ ಕುಗ್ಗಿ ಮುದುಡುವವರೆಗೆ ಸೆಕೆಂಡು ಎಣಿಸಬೇಕು. 270ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಎಂಬ ಅಂದಾಜು ಸಿಗುತ್ತದೆ. ಒಂದು ಎಚ್ಚರಿಕೆ: ಚೀಲ ಹಿಡಿದಾಗ ಫ್ಯಾನು ಚೀಲದ ಗಾಳಿಯನ್ನೇ ಎಳೆಯುವುದರಿಂದ ಬಾಗಿಲಿನ ಅಡ್ಡಿ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬಾಗಿಲಿನ ಪಾಲು ತಿಳಿಯಬೇಕಾದರೆ ಚೀಲವನ್ನು ಪೈಪಿನ ಹೊರ ತುದಿಯಲ್ಲಿ ಹಿಡಿದು, ಅದು ಎಷ್ಟು ಹೊತ್ತಿಗೆ ಉಬ್ಬುತ್ತದೆ ಎಂದು ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ನೋಡಬೇಕು. ಗೆಳೆಯನ ಶಾಫ್ಟಿಗೆ ಯುಟಿಲಿಟಿ ಬಾಲ್ಕನಿಯ ಕಿಟಕಿಯಿಂದ ಕೈ ಎಟುಕುತ್ತಿತ್ತು, ಹಾಗಾಗಿ ಮಾಡಿದೆವು. ಎಟುಕದಿದ್ದರೆ ಶಾಫ್ಟಿಗೆ ಬಗ್ಗುವ ಸಾಹಸ ಬೇಡ. ಫ್ಯಾನು ಓಡುವಾಗ ಬಾಗಿಲನ್ನು ಸ್ವಲ್ಪ ತೆರೆಯಿರಿ, ಸದ್ದು ತಟ್ಟನೆ ಬದಲಾದರೆ ಸಂದು ಸಾಲದು ಎಂದೇ ಅರ್ಥ.

ನಮ್ಮ ಅಳತೆ: ಬಾಗಿಲು ಮುಚ್ಚಿದಾಗ ಎಂಟು ಸೆಕೆಂಡು, ತೆರೆದಾಗ ಐದು. ಅಂದರೆ ಡಬ್ಬಿಯ ಮೇಲಿನ ನೂರು, ಬಾಗಿಲು ಮುಚ್ಚಿ ಸ್ನಾನ ಮಾಡುವಾಗ ಮೂವತ್ತೈದರ ಆಸುಪಾಸು.

ಬಾಗಿಲಿನ ಮಾತಿನ ಜೊತೆಗೇ ಇನ್ನೊಂದು ಹೇಳಲೇಬೇಕು. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಲೇಖನದ ಯಾವ ಉಪಾಯವೂ ಅದಕ್ಕೆ ಪರಿಹಾರವಲ್ಲ. ಬಿಗಿ ಬಾಗಿಲಿನ ಹಿಂದೆ ಓಡುವ ಫ್ಯಾನು, ಗೀಸರಿನ ಹೊಗೆಕೊಳವೆಯಿಂದ ಹೊರಗೆ ಹೋಗಬೇಕಾದ ಅನಿಲವನ್ನು ವಾಪಸು ಒಳಗೆ ಎಳೆಯಬಲ್ಲದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಸ್ನಾನ ಮಾಡುವವರಿಗೆ ತಿಳಿಯುವುದೇ ಇಲ್ಲ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲಿರಬೇಕು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಮಳೆಗಾಲದ ಗಾಳಿ ಒಣಗಿಸುತ್ತದೆಯೇ?

"ಹೊರಗೇ ಅಷ್ಟು ತೇವ ಇರುವಾಗ ಫ್ಯಾನು ಹಾಕಿ ಏನು ಪ್ರಯೋಜನ?" ಎಂದು ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಜುಲೈ ತಿಂಗಳ ಮುಂಬಯಿಯಲ್ಲಿ 28 ಡಿಗ್ರಿ, ಶೇಕಡಾ 85 ತೇವಾಂಶ ಎಂದಿಟ್ಟುಕೊಳ್ಳಿ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಬಿಸಿನೀರಿನ ಸ್ನಾನ ಮುಗಿದಾಗ ಬಚ್ಚಲಿನ ಗಾಳಿ 31 ಡಿಗ್ರಿ ಇದ್ದು, ಆವಿ ತುಂಬಿ ತುಳುಕುತ್ತಿದ್ದರೆ 32 ಗ್ರಾಂ. ಹಾಗಾದರೆ ಒಂದು ಘನ ಮೀಟರ್ ಗಾಳಿ ಬದಲಾದರೆ ಒಂಬತ್ತು ಗ್ರಾಂ ನೀರು ಹೊರಗೆ ಹೋಗುತ್ತದೆ. ಕಡಿಮೆ ಹೌದು, ಸೊನ್ನೆಯಲ್ಲ.

ಒಂದು ಸ್ನಾನದಿಂದ ಕಾಲು ಕೆಜಿ ನೀರು ಆವಿಯಾಯಿತು ಎಂದು ಅಂದಾಜು ಮಾಡೋಣ. ಗಂಟೆಗೆ 35 ಘನ ಮೀಟರ್ ಎಳೆಯುವ ಫ್ಯಾನಿಗೆ ಅದನ್ನು ಹೊರಹಾಕಲು ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕು, 85 ಎಳೆಯುವುದಕ್ಕೆ 20 ನಿಮಿಷ. ಮನೆಯಲ್ಲಿ ನಾಲ್ಕು ಜನ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಮೊದಲನೆಯದಕ್ಕೆ ಮೂರು ಗಂಟೆ ದಾಟುತ್ತದೆ. ಯಾರೂ ಅಷ್ಟು ಹೊತ್ತು ಫ್ಯಾನು ಬಿಡುವುದಿಲ್ಲ. ಕೊನೆಯವರು ಆಫೀಸಿಗೆ ಹೊರಡುವಾಗ ಸ್ವಿಚ್ ಆರಿಸುತ್ತಾರೆ, ಉಳಿದ ಆವಿ ಸೀಲಿಂಗಿಗೆ ಕೂರುತ್ತದೆ.

ಈ ಲೆಕ್ಕದಿಂದಲೇ ಇನ್ನೆರಡು ವಿಷಯ ಹೊರಡುತ್ತವೆ. ನೆಲದ ಮೇಲೆ ನಿಂತ ಅರ್ಧ ಲೀಟರ್ ನೀರನ್ನು ಆವಿ ಮಾಡಿ ಹೊರಗೆ ಕಳಿಸಲು 85ರ ಫ್ಯಾನಿಗೂ 40 ನಿಮಿಷ ಬೇಕು. ವೈಪರಿನಿಂದ ಒಮ್ಮೆ ಎಳೆದರೆ ಅದು ಅರ್ಧ ನಿಮಿಷದ ಕೆಲಸ. ಎರಡನೆಯದು, ತೇವಾಂಶ ನೋಡಿ ತಾನಾಗಿ ಹೊತ್ತಿ ಆರುವ ಸೆನ್ಸರ್ ಫ್ಯಾನುಗಳದ್ದು. ಅಂಗಡಿಯಲ್ಲಿ ಇವನ್ನು ಹೆಚ್ಚು ಬೆಲೆಗೆ ತೋರಿಸುತ್ತಾರೆ. ದೆಹಲಿಯ ಚಳಿಗಾಲದಲ್ಲಿ, ಪುಣೆ-ಹೈದರಾಬಾದಿನ ಒಣ ತಿಂಗಳುಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ 65ಕ್ಕೆ ಹೊಂದಿಸಿದ ಸೆನ್ಸರು ಮಳೆಗಾಲದ ಮುಂಬಯಿಯಲ್ಲೋ, ನವೆಂಬರಿನ ಚೆನ್ನೈಯಲ್ಲೋ ಆರುವುದೇ ಇಲ್ಲ, ಯಾಕೆಂದರೆ ಒಳಗೆ ಬರುವ ಗಾಳಿಯೇ 65ಕ್ಕಿಂತ ಒದ್ದೆ. ಕರಾವಳಿಯ ಊರುಗಳಿಗೆ ಟೈಮರ್ ವಾಸಿ. ಕೊನೆಯ ಸ್ನಾನದ ನಂತರ 30 ನಿಮಿಷ ಓಡಿ ಆರಿದರೆ ಸಾಕು. 30 ವ್ಯಾಟಿನ ಫ್ಯಾನು ದಿನಕ್ಕೆ ಅರ್ಧ ಗಂಟೆ ಹೆಚ್ಚು ಓಡಿದರೆ ತಿಂಗಳಿಗೆ ಅರ್ಧ ಯೂನಿಟ್ ಕರೆಂಟೂ ಆಗುವುದಿಲ್ಲ.

ಮೊದಲು ದಾರಿ, ಆಮೇಲೆ ಫ್ಯಾನು

ಗೆಳೆಯನ ಮನೆಯಲ್ಲಿ ಕೆಲಸ ನಡೆದದ್ದು ಅಗ್ಗದಿಂದ ದುಬಾರಿಯ ಕಡೆಗೆ. ಮೊದಲು ಬಡಗಿ ಬಂದು ಬಾಗಿಲಿನ ತಳವನ್ನು 20 ಮಿಲಿಮೀಟರ್ ಸಂದು ಬರುವಷ್ಟು ಕತ್ತರಿಸಿ, ನೀರು ಹೀರದಂತೆ ಅಂಚಿಗೆ ಬಣ್ಣ ಹಚ್ಚಿದ. ಬಾಗಿಲು ಕತ್ತರಿಸಲು ಇಷ್ಟವಿಲ್ಲದವರು ಕೆಳಭಾಗದಲ್ಲಿ ಜಾಲರಿ ಕೂರಿಸಬಹುದು, ಒಟ್ಟು ತೆರಪು ಅಷ್ಟೇ ಇರಬೇಕು. ಆಮೇಲೆ ಮಡಿಕೆ ಪೈಪು ತೆಗೆದು ಆರು ಇಂಚಿನ ಪಿವಿಸಿ ಪೈಪು ಹಾಕಿದರು. ಒಳಗೆ ಹನಿಗಟ್ಟಿದ ನೀರು ಫ್ಯಾನಿನ ಮೋಟಾರಿಗೆ ಇಳಿಯದೆ ಶಾಫ್ಟಿಗೆ ಹೋಗಲಿ ಎಂದು ಪೈಪಿಗೆ ಹೊರಮುಖ ಇಳಿಜಾರು ಕೊಟ್ಟರು. ಶಾಫ್ಟಿನ ಗೋಡೆ ಬರೀ ಬ್ಲಾಕಿನದಾಗಿದ್ದರಿಂದ ತೂತು ಅಗಲ ಮಾಡಲು ಸೊಸೈಟಿ ಅನುಮತಿ ಕೊಟ್ಟಿತು.

ಇಷ್ಟಾದ ಮೇಲೆ, ಹಳೆಯ ನಾಲ್ಕು ಇಂಚಿನ ಫ್ಯಾನನ್ನೇ ಇಟ್ಟು ಹೊರ ತುದಿಯಲ್ಲಿ ಚೀಲ ಹಿಡಿದೆವು. ಬಾಗಿಲು ಮುಚ್ಚಿದ್ದರೂ ಮೂರೂವರೆ ಸೆಕೆಂಡು, ಅಂದರೆ 75ಕ್ಕೂ ಹೆಚ್ಚು. ಫ್ಯಾನು ಬದಲಿಸದೆ ಗಾಳಿ ಎರಡು ಪಟ್ಟಾಗಿತ್ತು. ಗುರಿ 85 ಆಗಿದ್ದರಿಂದ, ಪೈಪೂ ಆರು ಇಂಚಿನದೇ ಇದ್ದುದರಿಂದ, ಕೊನೆಗೆ 200 ಎಂದು ಬರೆದ ಸಾಧಾರಣ ಆರು ಇಂಚಿನ ಫ್ಯಾನು ತಂದು ಹಾಕಿದ. ಈಗ ಚೀಲ ಎರಡೂವರೆ ಸೆಕೆಂಡಿಗೆ ಉಬ್ಬುತ್ತದೆ. ಆ ಹೆಚ್ಚುವರಿ ಗಾಳಿ ವ್ಯರ್ಥವಲ್ಲ. ಶಾಫ್ಟಿನ ಮೇಲಿನಿಂದ ಗಾಳಿ ಒತ್ತಿದ ದಿನ, ಮುಚ್ಚಳದ ಪಟ್ಟಿಗಳಿಗೆ ಧೂಳು ಹಿಡಿದ ಮೇಲೆ, ಅದು ಬೇಕಾಗುತ್ತದೆ.

ಎಲ್ಲರ ಮನೆಯಲ್ಲೂ ಪೈಪು ಅಗಲ ಮಾಡಲು ಆಗುವುದಿಲ್ಲ. ತೂತು ಆರ್‌ಸಿಸಿ ಬೀಮಿನಲ್ಲಿದ್ದರೆ ಅದನ್ನು ಮುಟ್ಟಲೇಬಾರದು. ಬಾಡಿಗೆ ಮನೆಯಲ್ಲಿ ಮಾಲೀಕರು ಸೀಲಿಂಗ್ ಬಿಚ್ಚಲು ಬಿಡದಿರಬಹುದು. ಆಗ ನಾಲ್ಕು ಇಂಚಿನ ಪೈಪಿನಲ್ಲೇ ಒತ್ತಡಕ್ಕೆ ಸೋಲದ ಫ್ಯಾನು ಹುಡುಕಬೇಕು. ಪೈಪಿನ ನಡುವೆ ಕೂರುವ ಇನ್‌ಲೈನ್ ಮಿಕ್ಸ್ಡ್ ಫ್ಲೋ ಫ್ಯಾನುಗಳು, ಅಥವಾ ಬಸವನಹುಳುವಿನ ಆಕಾರದ ಗೂಡಿನೊಳಗೆ ತಿರುಗುವ ಸೆಂಟ್ರಿಫ್ಯೂಗಲ್ ಫ್ಯಾನುಗಳು ಇದಕ್ಕಾಗಿಯೇ ಇವೆ. ಇವು 100 ಪಾಸ್ಕಲ್ ಎದುರಿದ್ದರೂ ಊದಬಲ್ಲವು. ಬೆಲೆ ಹೆಚ್ಚು, ತಪಾಸಣೆಗೆ ಕೈ ಹೋಗುವ ಜಾಗ ಬೇಕು.

ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: "50 ಪಾಸ್ಕಲ್ ಒತ್ತಡದಲ್ಲಿ ಇದು ಎಷ್ಟು ಗಾಳಿ ಕೊಡುತ್ತದೆ?" ಕೆಲವು ಕ್ಯಾಟಲಾಗುಗಳಲ್ಲಿ ಇದು ಐದು ಮಿಲಿಮೀಟರ್ ನೀರು ಎಂದಿರುತ್ತದೆ, ಎರಡೂ ಒಂದೇ. ಒಳ್ಳೆಯ ತಯಾರಕರು ಒತ್ತಡ ಹೆಚ್ಚಿದಂತೆ ಗಾಳಿ ಹೇಗೆ ಇಳಿಯುತ್ತದೆ ಎಂಬ ಗೆರೆಯನ್ನು ಕ್ಯಾಟಲಾಗಿನಲ್ಲಿ ಮುದ್ರಿಸಿರುತ್ತಾರೆ. ಹತ್ತು ಹದಿನೈದು ಅಡಿ ನಾಲ್ಕು ಇಂಚಿನ ಪೈಪು, ಎರಡು ತಿರುವು, ಕತ್ತರಿಸಿದ ಬಾಗಿಲು ಇರುವ ಬಚ್ಚಲಿಗೆ ಆ 50ರಲ್ಲಿ 85 ಸಿಕ್ಕರೆ ಫ್ಯಾನು ಸರಿಯಾದದ್ದು. ಆ ಅಂಕಿಯನ್ನೇ ಕೊಡದ ಫ್ಯಾನನ್ನು ಕಿಟಕಿ ಇರುವವರಿಗೆ ಬಿಡಿ.

ಗೆಳೆಯನ ಬಚ್ಚಲಲ್ಲಿ ಇದ್ದ ಬೂಷ್ಟನ್ನು ಕೆರೆದು, ಬ್ಲೀಚಿಂಗ್ ದ್ರಾವಣದಿಂದ ಒರೆಸಿ, ಒಣಗಿದ ಮೇಲೆ ಬಣ್ಣ ಹೊಡೆಸಿದರು. ಆ ಎರಡು ದಿನ ತಾಯಿಯನ್ನು ಮಗಳ ಮನೆಗೆ ಕಳಿಸಿದ್ದರು. ಇದಾಗಿ ಒಂದು ಮಳೆಗಾಲ ಕಳೆದಿದೆ, ಮೂಲೆಗಳು ಬೆಳ್ಳಗೇ ಇವೆ. ಈಗ ಅವನು ಪ್ರತಿ ಮೇ ತಿಂಗಳ ಕೊನೆಗೆ ಹೊರಗಿನ ಮುಚ್ಚಳದ ಪಟ್ಟಿಗಳನ್ನು ಬ್ರಷ್ ಹಾಕಿ ತೊಳೆಯುತ್ತಾನೆ. ಧೂಳು, ಬಟ್ಟೆಯ ಜುಂಗು ಕೂತು ಅವು ಅರ್ಧ ಮಾತ್ರ ತೆರೆಯತೊಡಗಿದರೆ ಹೊಸ ಫ್ಯಾನೂ ಹಳೆಯದರಂತೆ ಆಗುತ್ತದೆ. ತೊಳೆದ ಮೇಲೆ ಚೀಲ ಹಿಡಿದು ಎಣಿಸಿ, ಸೆಕೆಂಡುಗಳನ್ನು ಸ್ವಿಚ್‌ಬೋರ್ಡಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿಡುತ್ತಾನೆ.